ಕೋಲ್ಡ್ ರೂಮ್‌ಗೆ 1 ಟನ್ ಸಾಕಾ?

"4×3×2.5 ಮೀಟರ್ ರೂಮು, 100 ಎಂಎಂ ಪಫ್ ಪ್ಯಾನೆಲ್, ದಿನಾ 1000 ಕೆಜಿ ತರಕಾರಿ 30ರಿಂದ 4 ಡಿಗ್ರಿಗೆ ಇಳೀಬೇಕು, ಹೊರಗೆ 35. 1 ಟನ್ ಮಷೀನ್ ಸಾಕಾ?"

ಸಾಲಲ್ಲ ಸರ್. ತರಕಾರಿಯ ವಿಶಿಷ್ಟ ಶಾಖ 3.9 ಹಿಡಿದ್ರೆ ತಣ್ಣಗಾಗೋಕೇ 1000×3.9×26 ಕಿಲೋಜೂಲ್, 3600ರಿಂದ ಭಾಗಿಸಿದ್ರೆ ದಿನಕ್ಕೆ ಸುಮಾರು 28 ಯೂನಿಟ್ ಶಾಖ ತೆಗೀಬೇಕು. ಗೋಡೆ, ಸೂರು, ನೆಲದಿಂದ 10, ಫ್ಯಾನ್ ಲೈಟ್ ಜನ ಸೇರಿ 4. ಬಾಗಿಲು ಹದವಾಗಿ ತೆಗೆದ್ರೆ ದಿನಕ್ಕೆ 17 ಸಲ ರೂಮಿನ ಗಾಳಿ ಬದಲಾಗುತ್ತೆ ಅಂತ ಹಿಡೀರಿ, ಅದು 13, ಆದ್ರೆ ಅಂಗಡಿ ಹುಡುಗ್ರು ಸುಮ್ನೆ ಇರ್ತಾರಾ, ಡಬಲ್ ಹಾಕಿ, 26. ಒಟ್ಟು 68, ಮೇಲೆ 10% ಸೇರಿಸಿದ್ರೆ 75.

ಇದನ್ನ 24ರಿಂದ ಭಾಗಿಸಬೇಡಿ. ಕಾಯಿಲ್ ಸೊನ್ನೆಗಿಂತ ಕೆಳಗಿರುತ್ತೆ, ಐಸ್ ಕಟ್ಟುತ್ತೆ, ಡಿಫ್ರಾಸ್ಟ್‌ಗೆ ಕಂಪ್ರೆಸರ್ ನಿಲ್ಲಬೇಕು, ಅದಕ್ಕೆ 18 ಗಂಟೆ ಲೆಕ್ಕ, 4.2 ಕಿಲೋವ್ಯಾಟ್. 1 ಟನ್ ಅಂದ್ರೆ 3.5 ಅಷ್ಟೆ. ಅದೂ ಎಸಿ ರೇಟಿಂಗಾದ್ರೆ ಇಲ್ಲಿ ಇನ್ನೂ ಕಮ್ಮಿ ಬರುತ್ತೆ, ಕಾಯಿಲ್ -4 ಡಿಗ್ರೀಲಿ ಎಷ್ಟು ಕೊಡುತ್ತೆ ಅಂತ ಚಾರ್ಟ್ ಕೇಳಿ.