ಮೂರ್ತಿ ಒಂದೂವರೆ ಪಟ್ಟಾದರೆ ಕಲ್ಲು ಎಷ್ಟು ಪಟ್ಟು?

ಪ್ರಶ್ನೆ: ಕಲ್ಲಿನ ಮೂರ್ತಿ ಕೆಲಸವನ್ನು ಹೊಸದಾಗಿ ಆರಂಭಿಸಿದ್ದೇನೆ. 1 ಅಡಿ ಎತ್ತರದ, 8 ಕೆ.ಜಿ. ತೂಕದ ಗಣಪತಿಯನ್ನು 6,000 ರೂಪಾಯಿಗೆ ಕೊಡುತ್ತೇನೆ. ಅದೇ ಮೂರ್ತಿ ಒಂದೂವರೆ ಅಡಿ ಎತ್ತರದಲ್ಲಿ ಬೇಕೆಂದು ಒಬ್ಬರು ಕೇಳಿದ್ದಾರೆ. ಬೆಲೆಯನ್ನು ಒಂದೂವರೆ ಪಟ್ಟು ಹೇಳಲೇ, ಎರಡು ಪಟ್ಟು ಹೇಳಲೇ?

ಎರಡೂ ಬೇಡ. ಇದೇ ಲೆಕ್ಕದಲ್ಲಿ ನಾನು ಒಮ್ಮೆ 10,200 ರೂಪಾಯಿ ಕಳೆದುಕೊಂಡಿದ್ದೇನೆ, ಅದೂ ನಿಮಗಿಂತ ಬುದ್ಧಿವಂತನೆಂದು ನನ್ನನ್ನು ನಾನೇ ತಿಳಿದುಕೊಂಡು.

ನಾನು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಉಳಿ ಹಿಡಿಯಲು ಕಲಿತವನು. ಮೊದಲ ಐದಾರು ವರ್ಷ ನನ್ನ ಕೈಗೆ ಬರುತ್ತಿದ್ದುದೆಲ್ಲ ನಾಗರಕಲ್ಲುಗಳೇ. ಆಮೇಲೆ ಬಂಗಾರಪೇಟೆ ಕಡೆಯ ಒಂದು ಹಳ್ಳಿಯವರು ನಾನು ಮಾಡಿಟ್ಟಿದ್ದ ಒಂದು ಅಡಿ ಉದ್ದದ ನಂದಿಯನ್ನು ನೋಡಿ, ಇದರ ಪಡಿಯಚ್ಚಿನಂತೆ ಮೂರು ಅಡಿ ಉದ್ದದ್ದು ತಮ್ಮ ಈಶ್ವರನ ಗುಡಿಗೆ ಬೇಕೆಂದರು. ಚಿಕ್ಕ ನಂದಿಯ ಲೆಕ್ಕ ನನಗೆ ಬಾಯಿಪಾಠವಾಗಿತ್ತು: ಕಲ್ಲಿಗೆ 150 ರೂಪಾಯಿ, ನಾಲ್ಕು ದಿನದ ಕೂಲಿ 3,200, ಒಟ್ಟು 3,350. ಮೂರು ಪಟ್ಟು ಉದ್ದವೆಂದರೆ ಬೆಲೆಯೂ ಮೂರು ಪಟ್ಟಲ್ಲ ಎಂಬಷ್ಟು ನನಗೆ ತಿಳಿದಿತ್ತು. ಚೌಕಳಿ ಹಾಳೆಯ ಮೇಲೆ ನಂದಿಯ ಪಕ್ಕನೋಟವನ್ನು ಬರೆದು, ಪಕ್ಕದಲ್ಲೇ ಮೂರು ಪಟ್ಟು ಹಿಗ್ಗಿಸಿ ಬರೆದು, ಚೌಕಗಳನ್ನು ಎಣಿಸಿ ನೋಡಿದೆ. ಸರಿಯಾಗಿ ಒಂಬತ್ತು ಪಟ್ಟು ಬಂದಿತು. ಒಂಬತ್ತರಿಂದ ಗುಣಿಸಿ ಮೂವತ್ತು ಸಾವಿರವೆಂದು ಹೇಳಿ, ಅಲ್ಲಿಯೇ ಮುಂಗಡ ಪಡೆದು ಬಂದೆ.

ಆ ಒಂಬತ್ತು ನನಗೆ ಏಕೆ ಅಷ್ಟು ಸಹಜವೆನಿಸಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ಇರುವುದು ಗುಣಾಕಾರದಲ್ಲಲ್ಲ, ಅಭ್ಯಾಸದಲ್ಲಿ. ನಾಗರಕಲ್ಲನ್ನು ಚಪ್ಪಡಿಯ ಮೇಲೆ ಉಬ್ಬುಶಿಲ್ಪವಾಗಿ ಕೆತ್ತುತ್ತೇವೆ. ಚಿಕ್ಕ ನಾಗರಕಲ್ಲಾಗಲಿ ದೊಡ್ಡದಾಗಲಿ, ನಾನು ತರುತ್ತಿದ್ದ ಚಪ್ಪಡಿಯ ದಪ್ಪ ನಾಲ್ಕು ಅಂಗುಲವೇ. ಉದ್ದ ಎರಡು ಪಟ್ಟಾದರೆ ಅಗಲವೂ ಎರಡು ಪಟ್ಟಾಗುತ್ತಿತ್ತು, ದಪ್ಪ ಮಾತ್ರ ಇದ್ದಲ್ಲೇ ಇರುತ್ತಿತ್ತು, ಆದ್ದರಿಂದ ಕಲ್ಲಿನ ತೂಕವೂ ಕೆತ್ತುವ ಮುಖವೂ ಎರಡೂ ನಾಲ್ಕು ಪಟ್ಟೇ ಆಗುತ್ತಿದ್ದವು. ಅಷ್ಟು ವರ್ಷ ವರ್ಗದ ಲೆಕ್ಕ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆದರೆ ನಂದಿ ಚಪ್ಪಡಿಯಲ್ಲ. ಉದ್ದ ಮತ್ತು ಎತ್ತರಗಳ ಜೊತೆಗೆ ಅದರ ಬೆನ್ನಿನ ಅಗಲವೂ ಮೂರು ಪಟ್ಟಾಗಬೇಕು, ಇಲ್ಲದಿದ್ದರೆ ಅದು ಬಡಕಲು ನಂದಿಯಾಗುತ್ತದೆ. ಕಾಗದದ ಮೇಲೆ ಪಕ್ಕನೋಟ ಬರೆದಾಗ ಆ ಮೂರನೆಯ ಅಳತೆ ಕಾಗದದ ಹಿಂದಕ್ಕೆ ಹೋಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ನಾನು ಎಣಿಸಿದ್ದು ನಂದಿಯನ್ನಲ್ಲ, ಗೋಡೆಯ ಮೇಲೆ ಬಿದ್ದ ಅದರ ನೆರಳನ್ನು.

ಕಲ್ಲು ತರಲು ಹೋದಾಗ ವಿಷಯ ಹೊರಬಿದ್ದಿತು. ಚಿಕ್ಕ ನಂದಿಗೆ 1 ಅಡಿ ಉದ್ದ, ಮುಕ್ಕಾಲು ಅಡಿ ಎತ್ತರ, ಅರ್ಧ ಅಡಿ ಅಗಲದ ದಿಂಡು ಸಾಕಾಗುತ್ತಿತ್ತು, ಅಂದರೆ 0.375 ಘನ ಅಡಿ. ಅದರ ಒಂಬತ್ತು ಪಟ್ಟೆಂದು ಸುಮಾರು 3.4 ಘನ ಅಡಿಯ ಹಣವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಕಲ್ಲಿನ ಅಂಗಳದ ಯಜಮಾನರು ನಾನು ತೋರಿಸಿದ ದಿಂಡಿಗೆ ಟೇಪು ಹಿಡಿದು, 3 ಅಡಿ, ಎರಡೂ ಕಾಲು ಅಡಿ, ಒಂದೂವರೆ ಅಡಿ ಎಂದು ಗುಣಿಸಿದರೆ 10 ಘನ ಅಡಿ ದಾಟಿತು. ಟೇಪನ್ನೇ ಅನುಮಾನಿಸಿ ಮತ್ತೊಮ್ಮೆ ಅಳೆಯಲು ಹೇಳಿದೆ. ಅವರು ಅಳೆಯಲಿಲ್ಲ. ಪಕ್ಕದಲ್ಲಿ ರಾಶಿ ಬಿದ್ದಿದ್ದ ಚಿಕ್ಕ ಚೌಕಗಲ್ಲುಗಳನ್ನು ಸಾಲಿಗೆ ಮೂರರಂತೆ ಮೂರು ಸಾಲು ಜೋಡಿಸಿ, ಅದರ ಮೇಲೆ ಇನ್ನೆರಡು ವರಸೆ ಏರಿಸಿದರು.

“ನೋಡಪ್ಪ, ಒಂದು ವರಸೆಗೆ ಒಂಬತ್ತು ಕಲ್ಲು. ನೀನು ಒಂದು ವರಸೆಯ ದುಡ್ಡು ತಂದಿದ್ದೀಯ. ಮಿಕ್ಕ ಎರಡು ವರಸೆ ಯಾರು ಕೊಡ್ತಾರೆ?”

ಇಡೀ ಗಣಿತ ಆ ರಾಶಿಯಲ್ಲಿಯೇ ಇದೆ. ಒಂದು ಚೌಕಗಲ್ಲನ್ನು ಎಲ್ಲ ದಿಕ್ಕಿನಲ್ಲಿಯೂ ಮೂರು ಪಟ್ಟು ಮಾಡಿದರೆ ಒಳಗೆ 27 ಕಲ್ಲುಗಳಿರುತ್ತವೆ. ಹೊರಗೆ ಒಂದೊಂದು ಮುಖದಲ್ಲಿ ಒಂಬತ್ತು ಚೌಕಗಳು, ಆರು ಮುಖಗಳಿಗೆ 54. ಒಂಟಿ ಕಲ್ಲಿಗಿದ್ದ ಮುಖಗಳು ಆರು. ಹೀಗೆ ಮೇಲ್ಮೈ 9 ಪಟ್ಟು, ಘನಫಲ 27 ಪಟ್ಟು. ಹಿಗ್ಗುವ ಪಟ್ಟು ಎಷ್ಟಿದೆಯೋ ಅದರ ವರ್ಗದಷ್ಟು ಮೇಲ್ಮೈ, ಅದರ ಘನದಷ್ಟು ಘನಫಲ. ನಂದಿಗೆ ಗಂಗೆದೊಗಲು, ಕೊಂಬು, ಮಡಿಸಿದ ಕಾಲುಗಳಿರುವುದರಿಂದ ಇದು ಹೊಂದುವುದಿಲ್ಲವೆಂದು ನಾನೂ ಅಂದು ವಾದಿಸಿದ್ದೆ. ಆದರೆ ನಂದಿಯ ಒಳಗನ್ನು ಸಾಸಿವೆಯಷ್ಟು ಚಿಕ್ಕ ಘನಗಳಿಂದ ತುಂಬಿದಂತೆ ಭಾವಿಸಿ. ಮೂರ್ತಿ ಮೂರು ಪಟ್ಟಾದಾಗ ಪ್ರತಿಯೊಂದು ಘನವೂ ತಾನಿದ್ದ ಜಾಗದಲ್ಲಿಯೇ ಮೂರು ಪಟ್ಟಾಗುತ್ತದೆ, ಪ್ರತಿಯೊಂದೂ 27 ಪಟ್ಟು ಕಲ್ಲನ್ನು ನುಂಗುತ್ತದೆ, ಆದುದರಿಂದ ಮೊತ್ತವೂ 27 ಪಟ್ಟೇ. ಆಕಾರ ಎಷ್ಟೇ ವಕ್ರವಾಗಿದ್ದರೂ ಉತ್ತರ ಬದಲಾಗುವುದಿಲ್ಲ.

ಮುಂಗಡ ತೆಗೆದುಕೊಂಡ ಮೇಲೆ ಮಾತು ತಪ್ಪುವಂತಿರಲಿಲ್ಲ. ಕಲ್ಲಿಗೇ 2,700 ರೂಪಾಯಿ ಹೆಚ್ಚಾಯಿತು. ಕೆಲಸದಲ್ಲಿ ಮಾತ್ರ ಒಂದು ಕುತೂಹಲಕರ ಸಂಗತಿ ಕಂಡಿತು. ಚಿಕ್ಕ ನಂದಿಗೆ ದಿಂಡನ್ನು ಒಡೆದು ಮೈ ಬಿಡಿಸಲು ಒಂದು ದಿನ, ನಯ ಮಾಡಿ ಪಾಲಿಶ್ ಹಾಕಲು ಮೂರು ದಿನ ಹಿಡಿಯುತ್ತಿತ್ತು. ದೊಡ್ಡದರಲ್ಲಿ ನಯ ಮತ್ತು ಪಾಲಿಶಿಗೆ ಸರಿಯಾಗಿ 27 ದಿನವಾಯಿತು, ಅಂದರೆ ನನ್ನ ಒಂಬತ್ತು ಪಟ್ಟಿನ ಲೆಕ್ಕ ಅಲ್ಲಿ ಒಂದು ದಿನವೂ ತಪ್ಪಲಿಲ್ಲ, ಏಕೆಂದರೆ ಪಾಲಿಶ್ ಕಲ್ಲು ಉಜ್ಜುವುದು ಮೇಲ್ಮೈಯನ್ನು. ಮೈ ಬಿಡಿಸುವ ಕೆಲಸ ಮಾತ್ರ ತೆಗೆಯಬೇಕಾದ ಕಲ್ಲಿನ ಪ್ರಮಾಣದಂತೆ ಬೆಳೆಯುತ್ತದೆ. ಬರಿಯ ಉಳಿ ಸುತ್ತಿಗೆಯಲ್ಲಾದರೆ ಒಂದು ದಿನದ ಆ ಕೆಲಸ 27 ದಿನವಾಗಬೇಕಿತ್ತು. ಕಟಿಂಗ್ ಯಂತ್ರ ಹಿಡಿದು ದೊಡ್ಡ ದೊಡ್ಡ ಹೋಳುಗಳನ್ನೇ ಬೀಳಿಸಿದ್ದರಿಂದ 14 ದಿನಕ್ಕೆ ಮುಗಿಯಿತು. ನಾನು ಒಟ್ಟು 36 ದಿನವೆಂದು ಹಿಡಿದಿದ್ದ ಕೂಲಿ 41 ದಿನಕ್ಕೆ ಹೋಯಿತು, ಅದರ 4,000 ನನ್ನ ಕೈಯಿಂದಲೇ ಬಿದ್ದಿತು.

ಉಳಿದ ಹಣ ಹೋದದ್ದು ತೂಕಕ್ಕೆ. ಚಿಕ್ಕ ನಂದಿ 16 ಕೆ.ಜಿ. ಇತ್ತು. ಒಂಬತ್ತು ಪಟ್ಟಿನಂತೆ 144 ಕೆ.ಜಿ., ಆರು ಜನ ಹೊತ್ತು ಇಡಬಹುದೆಂದು ಗುಡಿಯವರಿಗೆ ಹೇಳಿದ್ದೆ. ನಿಜವಾದ ತೂಕ 432 ಕೆ.ಜಿ. ಆದ್ದರಿಂದ ಕ್ರೇನಿಗೆ 3,500 ಕೊಡಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಗುಡಿಯವರು ಎರಡು ಇಟ್ಟಿಗೆಯ ಕಟ್ಟೆಗಳ ಮೇಲೆ ಒಂದು ಅಂಗುಲದ ಕಡಪಾ ಚಪ್ಪಡಿಯನ್ನು ಸೇತುವೆಯಂತೆ ಹಾಸಿದ್ದರು. ನಂದಿಯನ್ನು ಇಳಿಸುತ್ತಿದ್ದಂತೆ ಅದು ನಡುವೆ ಬಿರುಕು ಬಿಟ್ಟಿತು. ತೂಕ 27 ಪಟ್ಟಾಯಿತು, ಆದರೆ ಅದನ್ನು ಹೊರುವ ತಳದ ವಿಸ್ತೀರ್ಣ 9 ಪಟ್ಟು ಮಾತ್ರ ಬೆಳೆಯಿತು, ಹೀಗಾಗಿ ಪೀಠದ ಒಂದೊಂದು ಚದರ ಅಡಿಯ ಮೇಲೂ ಮೂರು ಪಟ್ಟು ಭಾರ ಬಿದ್ದಿತು. ಕೊನೆಗೆ ಅಡಿಯಿಂದಲೇ ಗಟ್ಟಿ ಪೀಠ ಕಟ್ಟಿಸಿದರು, ಅದರ ಖರ್ಚನ್ನು ಅವರೇ ಹಾಕಿಕೊಂಡದ್ದು ನನ್ನ ಪುಣ್ಯ.

ಈಗ ನಿಮ್ಮ ಗಣಪತಿ. ಬೆಲೆ ಎಷ್ಟು ಪಟ್ಟು ಎಂಬ ಪ್ರಶ್ನೆಯೇ ಸರಿಯಿಲ್ಲವೆಂದು ನಾನು ಹೇಳುತ್ತೇನೆ. ಬೆಲೆಗೆ ಒಂದು ಪಟ್ಟು ಇರುವುದಿಲ್ಲ, ಅದರೊಳಗಿನ ಒಂದೊಂದು ಬಾಬಿಗೂ ಅದರದೇ ಪಟ್ಟು ಇರುತ್ತದೆ. ಒಂದೂವರೆಯ ವರ್ಗ 2.25, ಘನ 3.375. ನಿಮ್ಮ 8 ಕೆ.ಜಿ.ಯ ಮೂರ್ತಿ 27 ಕೆ.ಜಿ. ಆಗುತ್ತದೆ. ನಿಮ್ಮ ಆರು ಸಾವಿರದಲ್ಲಿ ಕಲ್ಲಿಗೆ 400, ಮೈ ಬಿಡಿಸುವುದಕ್ಕೆ 1,600, ನಯ ಮತ್ತು ಪಾಲಿಶಿಗೆ 4,000 ಇದೆಯೆಂದು ಇಟ್ಟುಕೊಳ್ಳೋಣ. ಮೊದಲೆರಡನ್ನು 3.375ರಿಂದ ಗುಣಿಸಿದರೆ 1,350 ಮತ್ತು 5,400, ಮೂರನೆಯದನ್ನು 2.25ರಿಂದ ಗುಣಿಸಿದರೆ 9,000. ಒಟ್ಟು 15,750, ಅಂದರೆ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ನಿಮ್ಮ ನಿಜವಾದ ವಿಂಗಡಣೆ ಬೇರೆಯಿರಬಹುದು, ಆದರೆ ಸಾಗಣೆಯನ್ನು ಬಿಟ್ಟರೆ ಉತ್ತರ 2.25 ಮತ್ತು 3.375 ಪಟ್ಟುಗಳ ನಡುವೆಯೇ ಬೀಳುತ್ತದೆ. ಯಂತ್ರದಿಂದ ಸಮಯ ಉಳಿದರೆ ಅದು ನಿಮ್ಮ ಲಾಭ, ಅದನ್ನು ಮೊದಲೇ ಬಿಟ್ಟುಕೊಡಬೇಡಿ.

ಬೆಲೆ ಕೇಳಿ ಗಿರಾಕಿ ಹಿಂಜರಿದರೆ, ಕಲ್ಲು ಅರ್ಧ ಸಾಕು ಎಂದು ಚೌಕಾಸಿಗೆ ಇಳಿದರೆ, ಎತ್ತರವನ್ನು ಅರ್ಧ ಮಾಡಲು ಹೋಗಬೇಡಿ. ಅರ್ಧ ಎತ್ತರದ ಮೂರ್ತಿಯಲ್ಲಿ ಕಲ್ಲು ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. 1 ಅಡಿಯ ಗಣಪತಿಯ ತೂಕ ಅರ್ಧವಾಗಲು ಎತ್ತರವನ್ನು ಒಂಬತ್ತೂವರೆ ಅಂಗುಲಕ್ಕೆ ಇಳಿಸಿದರೆ ಸಾಕು. ಎರಡೂವರೆ ಅಂಗುಲ ಕಡಿಮೆಯಾದದ್ದು ನೋಡುವವರ ಕಣ್ಣಿಗೆ ಅಷ್ಟಾಗಿ ತಿಳಿಯುವುದೂ ಇಲ್ಲ.

ಮುಂದೆ ಅವರೇ ಬಂದು ಆ ಮೂರ್ತಿಗೆ ಬೆಳ್ಳಿಯ ಕವಚ ಮಾಡಿಸಬೇಕು, ಬೆಳ್ಳಿ ಎಷ್ಟು ಬೇಕಾದೀತು ಎಂದು ಕೇಳಬಹುದು. ಅಲ್ಲಿ ಘನವನ್ನು ಹಿಡಿಯಬೇಡಿ. ಕವಚ ಮೇಲ್ಮೈಯನ್ನು ಮುಚ್ಚುವ ತಗಡು. ತಗಡಿನ ದಪ್ಪ ಮೊದಲಿನಷ್ಟೇ ಇದ್ದರೆ 1 ಅಡಿಯ ಮೂರ್ತಿಗೆ ಹಿಡಿದ ಬೆಳ್ಳಿಯ 2.25 ಪಟ್ಟು ಸಾಕು. ಮೂರ್ತಿ ದೊಡ್ಡದಾಯಿತೆಂದು ತಗಡನ್ನೂ ಒಂದೂವರೆ ಪಟ್ಟು ದಪ್ಪ ಮಾಡಿಸಿದರೆ ಮಾತ್ರ ಅದು 3.375ಕ್ಕೆ ಏರುತ್ತದೆ.

ಬೆಲೆ ಹೇಳುವ ಮೊದಲು ಒಂದು ಸಂಗತಿಯನ್ನು ಕೇಳಿಕೊಳ್ಳಿ. ನಮ್ಮ ಕಸುಬಿನಲ್ಲಿ ಒಂದೂವರೆ ಅಡಿ ಎಂದರೆ ಎತ್ತರ ಮಾತ್ರ. ಮೂರ್ತಿಯನ್ನು ಇಡುವುದು ಗೋಡೆಯ ಗೂಡಿನಲ್ಲಾದರೆ ಆ ಗೂಡಿನ ಆಳ ಎಷ್ಟೆಂದು ಅಳೆದು ತಿಳಿಸಲು ಹೇಳಿ. ಎತ್ತರ ಮತ್ತು ಅಗಲ ಒಂದೂವರೆ ಪಟ್ಟಾಗಿ, ಆಳವನ್ನು ಹಳೆಯ ಮೂರ್ತಿಯಷ್ಟೇ ಇಡಬೇಕಾಗಿ ಬಂದರೆ ಕಲ್ಲು 2.25 ಪಟ್ಟು ಮಾತ್ರ, ತೂಕ 18 ಕೆ.ಜಿ. ಆಗ ಅದು ನನ್ನ ಹಳೆಯ ನಾಗರಕಲ್ಲಿನ ಲೆಕ್ಕ. ಮೂರೂ ಕಡೆ ಹಿಗ್ಗಿದರೆ 27 ಕೆ.ಜಿ. ಈ ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ಮುಂಗಡಕ್ಕೆ ಕೈ ಚಾಚಬೇಡಿ.