1 ವೋಲ್ಟ್ ಕೊಟ್ಟರೆ 1.16 ವೋಲ್ಟ್ ಯಾಕೆ ಬಂತು?

ಪ್ರಶ್ನೆ: “1 ಕಿಲೋಹರ್ಟ್ಸ್ ಸೈನ್, 1 ವೋಲ್ಟ್ ಕೊಟ್ಟಿದೀನಿ. ಮೊದಲು 100 ಓಮ್ ರೆಸಿಸ್ಟರ್ ಸೀರೀಸ್. ಆಮೇಲೆ 10 ಮಿಲಿಹೆನ್ರಿ ಕಾಯಿಲ್, ಅದಕ್ಕೆ 1 ಮೈಕ್ರೋಫ್ಯಾರಡ್ ಪ್ಯಾರಲಲ್. ಕಾಯಿಲ್ ಮೀಟರಲ್ಲಿ 20 ಓಮ್ ತೋರಿಸುತ್ತೆ. ರೆಸಿಸ್ಟರ್ ಮೇಲೆ 0.55 ವೋಲ್ಟ್, ಕಾಯಿಲ್ ಮೇಲೆ 0.61. ಕೂಡಿದ್ರೆ 1.16! ನನ್ನ ಲೆಕ್ಕದಲ್ಲಿ ಒಟ್ಟು 145 ಓಮ್, ರೆಸಿಸ್ಟರ್ ಮೇಲೆ 0.69 ಬರಬೇಕಿತ್ತು. ಮೀಟರ್ ಕೆಟ್ಟಿದೆಯಾ?”

ಉತ್ತರ:

ಮೀಟರ್ ಕೆಟ್ಟಿಲ್ಲ, ಹೊಸದು ತರೋಕೆ ಎಸ್‌ಪಿ ರೋಡ್‌ಗೆ ಓಡಬೇಡಿ. ಎಡವಿರೋದು 145ರಲ್ಲಿ. ಅದು ಎಲ್ಲಿಂದ ಬಂತು ಅಂತ ನೀವು ಬರೆದಿಲ್ಲ, ಆದರೂ ಊಹಿಸಬಹುದು. ಕಾಯಿಲ್‌ನ 63 ಓಮ್, ಕೆಪಾಸಿಟರ್‌ನ 159 ಓಮ್, ಎರಡನ್ನೂ ಎರಡು ರೆಸಿಸ್ಟರ್ ಥರ ಪ್ಯಾರಲಲ್ ಮಾಡಿದ್ರೆ 45 ಬರುತ್ತೆ. ಅದಕ್ಕೆ 100 ಕೂಡಿದ್ದೀರಿ. ಇಲ್ಲಿ ಎರಡು ತಪ್ಪು ಒಟ್ಟಿಗೆ ಆಗಿವೆ. ಕಾಯಿಲ್‌ನ ಕರೆಂಟ್ ಒಂದು ಕಡೆ ಎಳೆದರೆ ಕೆಪಾಸಿಟರ್‌ನ ಕರೆಂಟ್ ಎದುರು ಕಡೆ ಎಳೆಯುತ್ತೆ, ಹಾಗಾಗಿ ಕೂಡೋ ಜಾಗದಲ್ಲಿ ಕಳೀಬೇಕು. ಆಮೇಲೆ ಬಂದ ಉತ್ತರವನ್ನ 100ಕ್ಕೆ ನೇರವಾಗಿ ಸೇರಿಸೋ ಹಾಗಿಲ್ಲ, ಯಾಕಂದ್ರೆ ಅದರ ಬಹುಪಾಲು ಬೇರೆ ದಿಕ್ಕಿನಲ್ಲಿದೆ.

ಮೊದಲು ಸಂಖ್ಯೆಗಳು. ನಾನು ಬಾಯಲ್ಲಿ ಇಟ್ಟುಕೊಂಡಿರೋದು ಎರಡೇ. 1 ಕಿಲೋಹರ್ಟ್ಸ್‌ನಲ್ಲಿ 1 ಮೈಕ್ರೋಫ್ಯಾರಡ್ ಅಂದ್ರೆ 159 ಓಮ್, 1 ಮಿಲಿಹೆನ್ರಿ ಅಂದ್ರೆ 6.28 ಓಮ್. ಮಿಕ್ಕಿದ್ದೆಲ್ಲ ಇದರಿಂದಲೇ ಬರುತ್ತೆ. ಕೆಪಾಸಿಟರ್ ಎರಡರಷ್ಟಾದರೆ 159 ಅರ್ಧ ಆಗುತ್ತೆ, ಫ್ರೀಕ್ವೆನ್ಸಿ ಎರಡರಷ್ಟಾದರೂ ಅರ್ಧವೇ. ಕಾಯಿಲ್‌ಗೆ ಇದರ ಉಲ್ಟಾ. ನಿಮ್ಮದು 10 ಮಿಲಿಹೆನ್ರಿ, ಅಂದ್ರೆ 62.8 ಓಮ್. ಕಾಯಿಲ್‌ನ ತಂತಿಯಲ್ಲೇ 20 ಓಮ್ ಇರೋದರಿಂದ ಕಾಯಿಲ್ ದಾರಿ ಪೂರ್ತಿ `20 + j62.8`, ಕೆಪಾಸಿಟರ್ ದಾರಿ `-j159.2`. ಇಲ್ಲಿ `j` ಅಂದ್ರೆ ರೆಸಿಸ್ಟರ್‌ಗಿಂತ 90 ಡಿಗ್ರಿ ಬೇರೆ ದಿಕ್ಕು. `j` ಇಲ್ಲದ್ದು ರಿಯಲ್ ಭಾಗ, `j` ಇರೋದು ಇಮ್ಯಾಜಿನರಿ ಭಾಗ, `j`ನ್ನ `j`ಯಿಂದಲೇ ಗುಣಿಸಿದ್ರೆ -1.

ಈಗ ಪ್ಯಾರಲಲ್. ಗುಣಿಸಿ, ಕೂಡಿದ್ದರಿಂದ ಭಾಗಿಸೋದು ಹಳೇ ದಾರಿಯೇ:

```
Zp = (20 + j62.8)(-j159.2) / (20 + j62.8 - j159.2)
```

ಮೇಲಿನದನ್ನ ಬಿಡಿಸುವಾಗ ಒಂದು ಅನುಕೂಲ ಇದೆ. ಕಾಯಿಲ್‌ನ `j` ಮತ್ತು ಕೆಪಾಸಿಟರ್‌ನ `-j` ಗುಣಿಸಿದ್ರೆ 1, ಮತ್ತೆ 62.8ನ್ನ 159.2ರಿಂದ ಗುಣಿಸಿದ್ರೆ ಯಾವಾಗಲೂ `L/C` ಬರುತ್ತೆ. ಫ್ರೀಕ್ವೆನ್ಸಿ ಹೊಡೆದು ಹೋಗುತ್ತೆ. ನಿಮಗೆ 0.01ನ್ನ 0.000001ರಿಂದ ಭಾಗಿಸಿದ್ರೆ ಸರಿಯಾಗಿ 10000, ಕ್ಯಾಲ್ಕುಲೇಟರ್ ಬೇಕಾಗಿಲ್ಲ. ಇನ್ನೊಂದು ಭಾಗ 20 ಇಂಟು 159.2, ಅಂದ್ರೆ 3183, ಅದು `-j` ಜೊತೆ. ಕೆಳಗಡೆ ಬರೋದು `20 - j96.3`. ಇಷ್ಟಾಯ್ತು:

```
Zp = (10000 - j3183) / (20 - j96.3)
```

ಇಲ್ಲಿ ಬಹಳ ಜನ ಮೇಲೂ ಕೆಳಗೂ `20 + j96.3`ರಿಂದ ಗುಣಿಸಿ ನಾಲ್ಕು ಗುಣಾಕಾರ ಮಾಡ್ತಾರೆ, ಅದರಲ್ಲಿ ಒಂದು ಕಡೆ ಮೈನಸ್ ಬಿಟ್ಟೇ ಬಿಡ್ತಾರೆ. ರಿಯಲ್ ಭಾಗಕ್ಕೆ ಆ ಕಷ್ಟ ಬೇಡ. ಈ ಪ್ಯಾರಲಲ್ ಜೋಡಿಯಲ್ಲಿ ಪವರ್ ತಿನ್ನೋದು ಆ 20 ಓಮ್ ತಂತಿ ಒಂದೇ, ಕೆಪಾಸಿಟರ್ ಏನೂ ತಿನ್ನೋದಿಲ್ಲ ಅಂತ ಇಟ್ಟುಕೊಂಡಿದೀವಿ. ಹಾಗಾಗಿ ರಿಯಲ್ ಭಾಗ ಅಂದ್ರೆ ಅದೇ 20 ಓಮ್, ಕರೆಂಟ್ ಹಂಚಿಕೆಯ ಪ್ರಕಾರ ದೊಡ್ಡದಾಗಿ ಕಾಣೋದು ಅಷ್ಟೇ. ಒಟ್ಟು ಕರೆಂಟ್‌ಗೆ ಹೋಲಿಸಿದ್ರೆ ಕಾಯಿಲ್‌ನಲ್ಲಿ ಹರಿಯೋದು 159.2 ಭಾಗಿಸು ಕೆಳಗಿನ ಸಂಖ್ಯೆಯ ಉದ್ದ. ಅದರ ವರ್ಗವನ್ನ 20ರಿಂದ ಗುಣಿಸಿ:

```
Re = 20 × 159.2² / (20² + 96.3²) = 52.3
```

ಇಮ್ಯಾಜಿನರಿ ಭಾಗಕ್ಕೆ ಮಾತ್ರ ಅಡ್ಡ ಗುಣಿಸಬೇಕು: 10000 ಇಂಟು 96.3, ಅದರಿಂದ 3183 ಇಂಟು 20 ಕಳೆದು, ಅದೇ ಕೆಳಗಿನ 9678ರಿಂದ ಭಾಗಿಸಿ. 92.9 ಬರುತ್ತೆ. ಪ್ಲಸ್ ಚಿಹ್ನೆ, ಅಂದ್ರೆ ಕಾಯಿಲ್ ಥರವೇ ವರ್ತಿಸುತ್ತೆ. ಅದು ಸರಿಯೇ. ನೀವು ರೆಸೋನೆನ್ಸ್‌ಗಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿದ್ದೀರಿ, ಅಲ್ಲಿ ಕಾಯಿಲ್ ದಾರಿಯೇ ಸುಲಭ, ಕರೆಂಟ್ ಜಾಸ್ತಿ ಅಲ್ಲೇ ಹೋಗುತ್ತೆ. ಚಿಹ್ನೆ ಮೈನಸ್ ಬಂದಿದ್ರೆ ಎಲ್ಲೋ ಎಡವಿದ್ದೀವಿ ಅಂತ ಗೊತ್ತಾಗುತ್ತಿತ್ತು. ರಿಯಲ್ ಭಾಗ ಮೈನಸ್ ಬಂದರಂತೂ ಲೆಕ್ಕ ಖಂಡಿತ ತಪ್ಪು, ಮುಂದೆ ಹೋಗೋದೇ ಬೇಡ.

ಇದಕ್ಕೆ 100 ಸೇರಿಸಿದ್ರೆ `152.3 + j92.9`. ಉದ್ದ 178.5 ಓಮ್, ಕೋನ 31 ಡಿಗ್ರಿ. 145 ಅಲ್ಲ.

ಈಗ ನಿಮ್ಮ ಮೀಟರ್ ಏನು ಹೇಳಬೇಕಿತ್ತು ನೋಡಿ. ರೆಸಿಸ್ಟರ್ ಮೇಲೆ 100 ಭಾಗಿಸು 178.5, ಅಂದ್ರೆ 0.56. ಜೋಡಿಯ ಉದ್ದ 106.7, ಹಾಗಾಗಿ ಅದರ ಮೇಲೆ 0.60. ಲೆಕ್ಕದ ಪ್ರಕಾರವೇ ಎರಡೂ ಕೂಡಿದ್ರೆ 1.16! ಮೀಟರ್ ಉದ್ದ ಮಾತ್ರ ಹೇಳುತ್ತೆ, ದಿಕ್ಕು ಹೇಳೋದಿಲ್ಲ. ಈಶಾನ್ಯಕ್ಕೆ ಒಂದಷ್ಟು, ಪೂರ್ವಕ್ಕೆ ಒಂದಷ್ಟು ನಡೆದವನು ಹೊರಟ ಜಾಗದಿಂದ ಎಷ್ಟು ದೂರದಲ್ಲಿದ್ದಾನೆ ಅಂತ ಹೆಜ್ಜೆ ಕೂಡಿ ಹೇಳೋಕೆ ಆಗುತ್ತಾ?

ಇದೇ ಥ್ರೆಡ್‌ನಲ್ಲಿ ಹೆಬ್ಬಾಳದ ಸರ್ ಬರೆದಿದ್ದಾರೆ, ತಂತಿಯ 20 ಓಮ್ ಮರೆತುಬಿಡಿ, ಸುಮ್ನೆ 10000ನ್ನ 96.3ರಿಂದ ಭಾಗಿಸಿ, 104 ಓಮ್, ಮುಗೀತು ಅಂತ. ಸರ್, ಜೋಡಿಯೊಂದರ ಉದ್ದ ಮಾತ್ರ ಬೇಕಿದ್ದರೆ ನಿಮ್ಮ ದಾರಿ ಚೆನ್ನಾಗಿದೆ, 104 ಎಲ್ಲಿ, 106.7 ಎಲ್ಲಿ, ಹತ್ತಿರಾನೇ. ಆದರೆ ನಿಮ್ಮದರಲ್ಲಿ ಕೋನ 90 ಡಿಗ್ರಿ, ನಿಜವಾದದ್ದು 61 ಡಿಗ್ರಿ ಹತ್ತಿರ. 100 ಓಮ್ ಸೇರಿಸಿದ ತಕ್ಷಣ ಆ ವ್ಯತ್ಯಾಸ ಹೊರಗೆ ಬರುತ್ತೆ: ನಿಮ್ಮ ಲೆಕ್ಕದಲ್ಲಿ ಒಟ್ಟು 144, ನಿಜವಾಗಿ 178.5. ಮುಂದೆ ರೆಸಿಸ್ಟರ್ ಇರೋ ಸರ್ಕ್ಯೂಟ್‌ನಲ್ಲಿ 20 ಓಮ್ ಬಿಡೋ ಹಾಗಿಲ್ಲ. ನಿಮ್ಮ 144, ಕೇಳಿದವರ 145 ಎರಡೂ ಅಕ್ಕಪಕ್ಕ ಬಂದಿರೋದು ಕಾಕತಾಳೀಯ, ಒಂದನ್ನೊಂದು ಸರಿ ಅಂತ ಸಾಬೀತು ಮಾಡೋದಿಲ್ಲ. ಥ್ರೆಡ್‌ನಲ್ಲಿ ಇಬ್ಬರು ಅದನ್ನ ನೋಡಿ “ಹಾಗಾದ್ರೆ ಮೀಟರೇ ತಪ್ಪು” ಅಂದುಬಿಟ್ಟಿದ್ದಾರೆ.

ಥ್ರೆಡ್‌ನಲ್ಲಿ ಇಂಜಿನಿಯರಿಂಗ್ ಓದ್ತಿರೋ ತಂಗಿ ಅಡ್ಮಿಟನ್ಸ್‌ನಲ್ಲಿ ಮಾಡಿ ಅಂದಿದ್ದಾಳೆ, ಅಂದ್ರೆ 1ನ್ನ ಪ್ರತಿ ದಾರಿಯ ಓಮ್‌ನಿಂದ ಭಾಗಿಸಿ ತಿರುಗಿಸಿಕೊಂಡು ಕೂಡೋದು. ಪ್ಯಾರಲಲ್‌ನಲ್ಲಿ ಮೂರು ನಾಲ್ಕು ದಾರಿ ಇದ್ದರೆ ಅದೇ ಸುಲಭ, ಒಪ್ಪುತ್ತೀನಿ. ಎರಡೇ ದಾರಿ ಇರುವಾಗ ನಾನು ಅದನ್ನ ತಾಳೆ ನೋಡೋಕೆ ಮಾತ್ರ ಬಳಸ್ತೀನಿ. ಮಿಲಿಸೀಮೆನ್ಸ್‌ನಲ್ಲಿ ಕಾಯಿಲ್ `4.60 - j14.45`, ಕೆಪಾಸಿಟರ್ `+j6.28`, ಕೂಡಿದ್ರೆ `4.60 - j8.17`. ತಿರುಗಿಸುವಾಗ ಉದ್ದದ ವರ್ಗದಿಂದ ಭಾಗಿಸಿ, `j` ಮುಂದಿನ ಚಿಹ್ನೆ ಬದಲಿಸಿ. ಉತ್ತರ ಕಿಲೋಓಮ್‌ನಲ್ಲೇ ಬರುತ್ತೆ, 0.0523 ಮತ್ತು 0.0929. ಅದೇ ಸಂಖ್ಯೆ. ತಂಗಿ ಒಂದು ಕಡೆ ಕಾಯಿಲ್‌ನ 20 ಓಮ್‌ಗೆ 50 ಮಿಲಿಸೀಮೆನ್ಸ್ ಅಂತ ಬರೆದಿದ್ದಾಳೆ, ಅದು ಮಾತ್ರ ಆಗಲ್ಲ. 20 ಓಮ್ ಮತ್ತು 62.8 ಸೀರೀಸ್‌ನಲ್ಲಿವೆ, ಎರಡನ್ನೂ ಒಟ್ಟಿಗೆ ತಿರುಗಿಸಬೇಕು, ಬಿಡಿಬಿಡಿಯಾಗಿ ಅಲ್ಲ.

ಕಂಪ್ಯೂಟರ್ ಮುಂದೆ ಇದ್ದರೆ ಪೈಥಾನ್‌ನಲ್ಲಿ ಇಷ್ಟೇ. `j` ಅಂತ ಬರೀ ಅಕ್ಷರ ಹಾಕಿದ್ರೆ ಎರರ್ ಬರುತ್ತೆ, `1j` ಅಂತಲೇ ಬರೆಯಿರಿ.

```
w = 2*3.14159265*1000
zl = 20 + 1j*w*10e-3
zc = 1/(1j*w*1e-6)
print(100 + zl*zc/(zl+zc))
```

ದೊಡ್ಡಬಳ್ಳಾಪುರದ ಅಣ್ಣ ತೋಟದ ಪಂಪ್ ಕೆಪಾಸಿಟರ್ ಕೇಳಿದ್ದಾರೆ. ಅಣ್ಣ, ಅದು ಬೇರೆ ವಿಷಯ. ಅಲ್ಲಿ 50 ಹರ್ಟ್ಸ್, ಕೆಪಾಸಿಟರ್ ಇರೋದು ಮೋಟಾರ್ ತಿರುಗಿಸೋಕೆ ಬೇಕಾದ ಇನ್ನೊಂದು ವೈಂಡಿಂಗ್ ಜೊತೆ ಸೀರೀಸ್‌ನಲ್ಲಿ, ಮೋಟಾರ್ ತಿರುಗೋಕೆ ಶುರುವಾದ ಮೇಲೆ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಈ ಲೆಕ್ಕದಿಂದ ಮೈಕ್ರೋಫ್ಯಾರಡ್ ಆರಿಸಬೇಡಿ, ಹಳೇದರ ಮೇಲೆ ಬರೆದಿರೋದನ್ನೇ ಹಾಕಿ.

ಮತ್ತೆ ಮೂಲ ಪ್ರಶ್ನೆಗೆ. ನಿಮ್ಮ ಮೂರು ಓದುಗಳಿಂದಲೇ ಕೋನ ತೆಗೀಬಹುದು, ಆಸಿಲೋಸ್ಕೋಪ್ ಬೇಡ. ತ್ರಿಕೋನದ ಮೂರು ಬದಿ ಗೊತ್ತಿದೆ ಅಲ್ವಾ:

```
1² = 0.55² + 0.61² + 2×0.55×0.61×cosθ
```

cosθ 0.485, ಅಂದ್ರೆ 61 ಡಿಗ್ರಿ. ಜೋಡಿಯ ಉದ್ದ 100 ಇಂಟು 0.61 ಭಾಗಿಸು 0.55, ಅಂದ್ರೆ 111. ಬಿಡಿಸಿದ್ರೆ ಅಳತೆಯ ಪ್ರಕಾರ `54 + j97`. ಲೆಕ್ಕದ್ದು `52 + j93`. ಮೀಟರ್‌ಗೆ ಇಷ್ಟು ಹತ್ತಿರ ಬಂದರೆ ಬೈಯೋ ಹಾಗಿಲ್ಲ. ಕಡಿಮೆ ಬೆಲೆಯ ಎಷ್ಟೋ ಮೀಟರ್‌ಗಳ ಎಸಿ ರೇಂಜ್ 400 ಹರ್ಟ್ಸ್‌ವರೆಗೆ ಮಾತ್ರ ಖಾತ್ರಿ, 1 ಕಿಲೋಹರ್ಟ್ಸ್‌ನಲ್ಲಿ ಕಡಿಮೆ ಓದಬಹುದು. ಆದರೆ ನೀವು ಮೂರೂ ಓದನ್ನ ಅದೇ ಮೀಟರ್‌ನಲ್ಲಿ, ಅದೇ ರೇಂಜ್‌ನಲ್ಲಿ ತಗೊಂಡಿದ್ರೆ ತಪ್ಪು ಎಲ್ಲದರಲ್ಲೂ ಒಂದೇ ಪ್ರಮಾಣದಲ್ಲಿರುತ್ತೆ, ಭಾಗಿಸುವಾಗ ಬಹುಪಾಲು ಹೋಗಿಬಿಡುತ್ತೆ. ಆ 1 ವೋಲ್ಟ್ ಜನರೇಟರ್‌ನ ನಾಬ್ ಮೇಲೆ ಬರೆದದ್ದೋ, ಸರ್ಕ್ಯೂಟ್ ಜೋಡಿಸಿದ ಮೇಲೆ ಅಳೆದದ್ದೋ? ನಾಬ್ ನಂಬಿದ್ದರೆ ಮೇಲಿನ ತ್ರಿಕೋನವೇ ಸುಳ್ಳಾಗುತ್ತೆ.

ಉಳಿದ ಚೂರು ವ್ಯತ್ಯಾಸ ಎಲ್ಲಿಂದ ಅಂತ ಇಷ್ಟರಿಂದ ಹೇಳೋಕೆ ಆಗಲ್ಲ. ಕಾಯಿಲ್ 10.3 ಮಿಲಿಹೆನ್ರಿ ಇದ್ದರೆ ಸರಿಹೋಗುತ್ತೆ, ಕೆಪಾಸಿಟರ್ ಸ್ವಲ್ಪ ಜಾಸ್ತಿ ಇದ್ದರೂ ಹತ್ತಿರ ಬರುತ್ತೆ, ಕೊನೆಯ ಅಂಕಿ ಒಂದು ಮೇಲೆ ಕೆಳಗೆ ಆದರೂ ಎರಡು ಪರ್ಸೆಂಟ್. ಅದನ್ನ ನೋಡೋಕೆ ಜನರೇಟರ್‌ನ ಫ್ರೀಕ್ವೆನ್ಸಿ ನಿಧಾನವಾಗಿ ಏರಿಸಿ, ಒಟ್ಟು 1 ವೋಲ್ಟ್ ಇರೋ ಹಾಗೆ ಪ್ರತಿ ಸಲ ಸರಿಮಾಡಿ, ಎರಡು ಓದುಗಳ ಮೊತ್ತ ಸರಿಯಾಗಿ 1 ಆಗೋ ಜಾಗ ಹುಡುಕಿ. ಅಲ್ಲಿ ಜೋಡಿ ಬರೀ ರೆಸಿಸ್ಟರ್ ಥರ ಆಗಿರುತ್ತೆ. ಬರೆದಿರೋ ಬೆಲೆಗಳ ಪ್ರಕಾರ ಅದು 1560 ಹರ್ಟ್ಸ್ ಹತ್ತಿರ, ಆಗ ಜೋಡಿ 500 ಓಮ್, ರೆಸಿಸ್ಟರ್ ಮೇಲೆ 0.17, ಜೋಡಿ ಮೇಲೆ 0.83. ಕಾಯಿಲ್ 10.3 ಇದ್ದರೆ 1540ರ ಸುತ್ತಮುತ್ತಲೇ ಸಿಗುತ್ತೆ. ಮೊತ್ತ 1ರ ಹತ್ತಿರ ನಿಧಾನವಾಗಿ ಬದಲಾಗುತ್ತೆ, ಹಾಗಾಗಿ ಆ ಜಾಗದ ಎರಡೂ ಕಡೆ 1.01 ಬರೋ ಫ್ರೀಕ್ವೆನ್ಸಿಗಳನ್ನೂ ಬರೆದುಕೊಂಡು ಇಲ್ಲಿ ಹಾಕಿ.