ಹರಾಜಿನ ಹಿಂದಿನ ದಿನ ದುಡ್ಡು ಕಟ್ಟಿದರೆ ಮನೆ ಉಳಿಯುತ್ತದಾ?

ಪ್ರಶ್ನೆ: ಸಾರ್, ಮನೆ ಸಾಲದ ಕಂತು ಹತ್ತು ತಿಂಗಳಿಂದ ಕಟ್ಟಿಲ್ಲ. ಬ್ಯಾಂಕಿನಿಂದ ಎರಡು ಸಲ ನೋಟಿಸ್ ಬಂತು, ಉತ್ತರ ಕೊಡಲಿಲ್ಲ. ಆಗಸ್ಟ್ 8ರ ಪೇಪರಿನಲ್ಲಿ ಹರಾಜು ಪ್ರಕಟಣೆ ಬಂದಿದೆ, ಸೆಪ್ಟೆಂಬರ್ 12ಕ್ಕೆ ಹರಾಜು. ಅದರ ನೋಟಿಸ್ ಪೋಸ್ಟಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ಆಗಸ್ಟ್ 20ಕ್ಕೆ. ಬಾಕಿ 34 ಲಕ್ಷ ಅಂತಿದೆ. ಮನೆ 70 ಲಕ್ಷಕ್ಕೆ ಮೋಸವಿಲ್ಲ, ಅವರು ಮೀಸಲು ಬೆಲೆ 52 ಲಕ್ಷ ಹಾಕಿದ್ದಾರೆ. ಹರಾಜಿನ ಹಿಂದಿನ ದಿನದ ತನಕ ಪೂರ್ತಿ ಹಣ ಕಟ್ಟಿದರೆ ಮನೆ ಬಿಡಿಸಿಕೊಳ್ಳಬಹುದು ಅಂತ ಪರಿಚಯದವರೊಬ್ಬರು ಹೇಳಿದರು. ನಿಜವಾ?

ಉತ್ತರ: ಈಗ ನಿಜವಲ್ಲ. ನಿಮ್ಮ ಪರಿಚಯದವರು ಹೇಳುತ್ತಿರುವುದು ಹಳೆಯ ಕಾನೂನು. ಇದೇ ಪ್ರಶ್ನೆ ವಾರ ವಾರವೂ ಬರುತ್ತದೆ, ಪ್ರತಿ ಸಲವೂ ಹರಾಜು ಹತ್ತಿರ ಬಂದ ಮೇಲೇ ಬರುತ್ತದೆ. ಅದಕ್ಕೇ ಈ ಸಲ ಜಾಗವೆಲ್ಲ ಇದಕ್ಕೇ ಕೊಡುತ್ತಿದ್ದೇನೆ.

ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವುದು ಸರ್ಫೇಸಿ ಕಾಯ್ದೆ. ಅದರ ಸೆಕ್ಷನ್ 13(8) ಮೊದಲು ಹಾಗೇ ಇತ್ತು. ಮಾರಾಟಕ್ಕೆ ಗೊತ್ತುಮಾಡಿದ ದಿನಕ್ಕೆ ಮುಂಚೆ ಬಾಕಿ, ಬಡ್ಡಿ, ಖರ್ಚು ಎಲ್ಲ ಕಟ್ಟಿದರೆ ಬ್ಯಾಂಕು ಮಾರಾಟ ನಿಲ್ಲಿಸಲೇಬೇಕಿತ್ತು. 2016ರಲ್ಲಿ ಅದನ್ನು ತಿದ್ದಿದರು. ಈಗ ಹರಾಜಿನ ಪ್ರಕಟಣೆ ಹೊರಡುವ ದಿನಕ್ಕೆ ಮೊದಲೇ ಕಟ್ಟಬೇಕು. 2023ರಲ್ಲಿ ಸೆಲಿರ್ ಎಲ್‌ಎಲ್‌ಪಿ ಮತ್ತು ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಅಲ್ಲಿ ಹರಾಜಾದ ಮೇಲೆ ಸಾಲಗಾರರು ಪೂರ್ತಿ ಹಣ ಕಟ್ಟಿದ್ದರು, ಹೈಕೋರ್ಟ್ ಅದಕ್ಕೆ ಒಪ್ಪಿಯೂ ಇತ್ತು. ಆದರೂ ಆಸ್ತಿ ಹೋಗಿದ್ದು ಹರಾಜಿನಲ್ಲಿ ಗೆದ್ದವರಿಗೆ. ಅಂದರೆ ನಿಮ್ಮ ಹಕ್ಕಿನ ಮಟ್ಟಿಗೆ ಲೆಕ್ಕಕ್ಕೆ ಬರುವ ದಿನ ಸೆಪ್ಟೆಂಬರ್ 12 ಅಲ್ಲ, ಆಗಸ್ಟ್ 8.

ಅದಕ್ಕೂ ಮುಂಚೆ ನೀವು ಕೈಯಾರೆ ಬಿಟ್ಟುಕೊಟ್ಟ ಅವಕಾಶವೂ ಒಂದಿದೆ. ಮೊದಲು ಬಂದಿದ್ದು 13(2) ನೋಟಿಸ್. 60 ದಿನದಲ್ಲಿ ಪೂರ್ತಿ ಬಾಕಿ ಕಟ್ಟಿ ಅನ್ನುವ ನೋಟಿಸ್ ಅದು. ಅದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಬೇಕಿತ್ತು. ಕೊಡದಿದ್ದರೆ ಅದೇ ನಿಮ್ಮ ಕೇಸಿನ ದೊಡ್ಡ ಅಂಶ ಆಗುತ್ತಿತ್ತು. ಉತ್ತರ ಕೊಟ್ಟರೆ ಸಾಲ ಒಪ್ಪಿಕೊಂಡ ಹಾಗೆ ಅಂತ ಯಾರೋ ಹಬ್ಬಿಸಿದ್ದಾರೆ, ಜನ ಅದನ್ನು ನಂಬಿ ಸುಮ್ನೆ ಕೂರುತ್ತಾರೆ. ಸಾಲದ ಪತ್ರಕ್ಕೆ ಸಹಿ ಹಾಕಿದ ದಿನವೇ ಸಾಲ ಒಪ್ಪಿಕೊಂಡಾಗಿದೆ, ಇನ್ನು ಮುಚ್ಚಿಡುವುದೇನಿದೆ?

ಆಗಿದ್ದು ಆಯಿತು. ಇವತ್ತಿನಿಂದ ಸೆಪ್ಟೆಂಬರ್ 12ರವರೆಗೆ ಏನು ಮಾಡಬಹುದು ಅಂತ ನೋಡೋಣ.

ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಇವತ್ತೇ ಒಂದು ಪತ್ರ ಬರೆಯಿರಿ. ಹರಾಜು ನೋಟಿಸಿನ ಕೆಳಗೆ ಸಹಿ ಹಾಕಿದವರೇ ಅವರು, ಬ್ರಾಂಚ್ ಮ್ಯಾನೇಜರ್ ಅಲ್ಲ. ಪತ್ರದಲ್ಲಿ ಮೂರು ವಿಷಯ ಸಾಕು. ಖರ್ಚು ಸೇರಿ ಇವತ್ತಿಗೆ ಕಟ್ಟಬೇಕಾದ ಪೂರ್ತಿ ಮೊತ್ತ ಎಷ್ಟು, ಮೌಲ್ಯಮಾಪಕರ ವರದಿಯ ಪ್ರತಿ ಬೇಕು, ನಾನೇ ಖರೀದಿದಾರರನ್ನು ತರುತ್ತೇನೆ, ಹರಾಜು ಹಿಂಪಡೆಯಿರಿ. ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿ. ಕೌಂಟರಿನಲ್ಲಿ ನಿಂತು ಬೇಡಿಕೊಂಡಿದ್ದಕ್ಕೆ ದಾಖಲೆ ಇರುವುದಿಲ್ಲ.

ಮೂರನೆಯ ವಿಷಯವೇ ನಿಮಗೆ ಎಲ್ಲಕ್ಕಿಂತ ಮುಖ್ಯ. 34 ಲಕ್ಷ ನಿಮ್ಮ ಹತ್ತಿರ ಇಲ್ಲ, ಇದ್ದಿದ್ದರೆ ನನಗೆ ಬರೆಯುತ್ತಿರಲಿಲ್ಲ. ಆದರೆ 34 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಮನೆ ಇದೆ. ಹರಾಜೊಂದೇ ದಾರಿ ಅಲ್ಲ, ನೇರ ಒಪ್ಪಂದದ ಮೇಲೆ ಮಾರುವುದಕ್ಕೂ ನಿಯಮದಲ್ಲಿ ಅವಕಾಶ ಇದೆ. ನೀವು 68 ಲಕ್ಷಕ್ಕೆ ಒಬ್ಬರನ್ನು ಕರೆತಂದಿರಿ ಅಂದುಕೊಳ್ಳಿ. ಬ್ಯಾಂಕಿಗೆ ಬಾಕಿ, ಖರ್ಚು ಸೇರಿ ಸುಮಾರು 35 ಲಕ್ಷ ಹೋದರೆ ನಿಮಗೆ 33 ಲಕ್ಷ ಉಳಿಯುತ್ತದೆ. ಅದೇ ಹರಾಜಿನಲ್ಲಿ 53 ಲಕ್ಷಕ್ಕೆ ಹೋದರೆ ಉಳಿಯುವುದು 18 ಲಕ್ಷ. 15 ಲಕ್ಷದ ವ್ಯತ್ಯಾಸ ಇದು. ಇದನ್ನು ಬಿಟ್ಟು ಹರಾಜಿನಲ್ಲಿ ಯಾರೂ ಬರದಿರಲಿ ಅಂತ ಹರಕೆ ಹೊರುವವರೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಯಾರೂ ಬರದಿದ್ದರೆ ಏನಾಗುತ್ತದೆ ಗೊತ್ತಾ? ಬ್ಯಾಂಕು ಸಾಮಾನ್ಯವಾಗಿ ಮೀಸಲು ಬೆಲೆ ಇಳಿಸಿ ಮತ್ತೆ ಹರಾಜು ಕರೆಯುತ್ತದೆ, ಆಗ 15 ದಿನದ ನೋಟಿಸ್ ಸಾಕು. ಈ ಕಡೆ ಬಡ್ಡಿ ಓಡುತ್ತಲೇ ಇರುತ್ತದೆ.

ಆದರೆ ನೀವೇ ಹೋಗಿ ಯಾರಿಗೋ ಕ್ರಯದ ಕರಾರು ಬರೆದುಕೊಡಬೇಡಿ. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಮಾರುವ ಹಾಗಿಲ್ಲ. ಖರೀದಿದಾರರನ್ನು ಕರೆದುಕೊಂಡೇ ಬ್ಯಾಂಕಿಗೆ ಹೋಗಿ. ಹಣ ನಿಮ್ಮ ಕೈಗೆ ಬಾರದೆ ನೇರ ಸಾಲದ ಖಾತೆಗೆ ಹೋಗುವ ಹಾಗೆ ಮಾಡಿ. ಹರಾಜು ಹಿಂಪಡೆದಿದ್ದೇವೆ ಅನ್ನುವ ಪತ್ರ ಕೈಗೆ ಬರುವ ತನಕ ಬಾಯಿಮಾತು ನಂಬಬೇಡಿ. ಇಲ್ಲಿ ಒಂದು ತೊಡಕಿದೆ. ಖರೀದಿದಾರರು ತಾವೂ ಸಾಲ ಮಾಡಿ ಕೊಳ್ಳುವವರಾದರೆ ಅವರ ಸಾಲ ಮಂಜೂರಾಗುವಷ್ಟರಲ್ಲಿ ಸೆಪ್ಟೆಂಬರ್ 12 ದಾಟಿಹೋಗುತ್ತದೆ. ಕೈಯಲ್ಲಿ ಹಣ ಇಟ್ಟುಕೊಂಡವರನ್ನೇ ಹುಡುಕಿ. ಹೋಗುವಾಗ ಒಂದಿಷ್ಟು ದೊಡ್ಡ ಮೊತ್ತದ ಡಿಡಿ ಜೊತೆಗಿರಲಿ, ಮಾತಿಗೆ ತೂಕ ಬರುತ್ತದೆ. ಪ್ರಕಟಣೆ ಆದ ಮೇಲೆ ಒಪ್ಪುವುದು ಬಿಡುವುದು ಬ್ಯಾಂಕಿನ ಇಷ್ಟ. ಆದರೂ ಪೂರ್ತಿ ಬಾಕಿ ಕಣ್ಣೆದುರು ಬಂದಾಗ ಅವರಿಗೂ ಹರಾಜಿನ ತಲೆನೋವು ಬೇಕಿರುವುದಿಲ್ಲ.

ಬ್ಯಾಂಕು ಒಪ್ಪದಿದ್ದರೆ ಉಳಿದದ್ದು ಡಿಆರ್‌ಟಿ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಸೆಕ್ಷನ್ 17ರ ಅರ್ಜಿಗೆ ಬ್ಯಾಂಕಿನ ಕ್ರಮದಿಂದ 45 ದಿನ ಅವಕಾಶ. ಸ್ವಾಧೀನದ ನೋಟಿಸಿನಿಂದ ಎಣಿಸಿದರೆ ನಿಮಗೆ ಅದು ಮುಗಿದಿರಬಹುದು. ಆದರೆ ಹರಾಜು ನೋಟಿಸ್ ಬೇರೆಯೇ ಒಂದು ಕ್ರಮ, ಅದನ್ನು ಈಗಲೂ ಪ್ರಶ್ನಿಸಬಹುದು. 34 ಲಕ್ಷದ ಬಾಕಿಗೆ ಅರ್ಜಿ ಶುಲ್ಕ 11,000 ರೂಪಾಯಿ. ಅರ್ಜಿ ಹಾಕಲು ಬಾಕಿಯ ಒಂದು ಪಾಲು ಮೊದಲೇ ಕಟ್ಟಬೇಕು ಅನ್ನುವುದು ಸುಳ್ಳು, ಆ ನಿಯಮವನ್ನು 2004ರಲ್ಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. ಅದು ಮೇಲ್ಮನವಿಗೆ ಮಾತ್ರ ಇದೆ. ಆದರೆ ತಡೆ ಕೊಡುವಾಗ ಇಷ್ಟು ದಿನದಲ್ಲಿ ಇಷ್ಟು ಕಟ್ಟಿ ಅಂತ ಡಿಆರ್‌ಟಿ ಷರತ್ತು ಹಾಕುವುದೇ ಹೆಚ್ಚು. ಆ ಹಣದ ಏರ್ಪಾಡು ಇಲ್ಲದೆ ಹೋದರೆ ತಡೆ ಕೆಲವು ದಿನದ ಸಂತೋಷ ಅಷ್ಟೇ.

ಹೋಗಿ ಏನು ಹೇಳುವುದು? ಕಷ್ಟ ಹೇಳಿಕೊಂಡರೆ ಅಲ್ಲಿ ನಡೆಯುವುದಿಲ್ಲ. ಬ್ಯಾಂಕು ನಿಯಮ ಪಾಲಿಸಿದೆಯಾ ಅಂತ ಮಾತ್ರ ನೋಡುತ್ತಾರೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆಗಸ್ಟ್ 20. ಮೊದಲ ಹರಾಜಿಗೆ ಸಾಲಗಾರರಿಗೆ 30 ದಿನದ ನೋಟಿಸ್ ತಲುಪಿರಬೇಕು. ಪೇಪರಿನಲ್ಲಿ ಆಗಸ್ಟ್ 8ಕ್ಕೇ ಬಂದಿದೆ, ಆ ಲೆಕ್ಕ ಸರಿಯಿದೆ. ಆದರೆ ನಿಮ್ಮ ಕೈಗೆ ಬಂದಿದ್ದು ಹರಾಜಿಗೆ 23 ದಿನ ಇರುವಾಗ. ಅಂಚೆ ಲಕೋಟೆಯನ್ನು ಬಿಸಾಡಬೇಡಿ, ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಡಿ. ಪ್ರಕಟಣೆ ಎರಡು ಪತ್ರಿಕೆಗಳಲ್ಲಿ ಬಂದಿದೆಯಾ, ಅದರಲ್ಲಿ ಒಂದು ಕನ್ನಡದ್ದಾ ಅಂತಲೂ ನೋಡಿ. ಮೀಸಲು ಬೆಲೆ ಕಡಿಮೆ ಅನ್ನುವುದಾದರೆ ಬಾಯಿಮಾತು ಬೇಡ. ನೋಂದಾಯಿತ ಮೌಲ್ಯಮಾಪಕರಿಂದ ನಿಮ್ಮದೇ ವರದಿ ಮಾಡಿಸಿ ಅರ್ಜಿಗೆ ಲಗತ್ತಿಸಿ.

ಇದರ ಮಿತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಇಂಥ ಲೋಪ ಸಿಕ್ಕರೆ ಹರಾಜು ರದ್ದಾಗಬಹುದು, ಸಾಲ ರದ್ದಾಗುವುದಿಲ್ಲ. ಬ್ಯಾಂಕು ಲೋಪ ಸರಿಮಾಡಿಕೊಂಡು ಮತ್ತೆ ನೋಟಿಸ್ ಕೊಡುತ್ತದೆ. ನಿಮಗೆ ಸಿಗುವುದು ಕೆಲವು ತಿಂಗಳ ಸಮಯ, ಅಷ್ಟರಲ್ಲಿ ಖರೀದಿದಾರರು ಸಿಗಬೇಕು. ಅರ್ಜಿಯನ್ನು ಹರಾಜಿಗೆ ಒಂದು ವಾರ ಇರುವಾಗಲೇ ಹಾಕಿ. ಹರಾಜು ನಡೆದ ಮೇಲೆ ಮೂರನೆಯವರೊಬ್ಬರು ಹಣ ಹಾಕಿ ಕೂತಿರುತ್ತಾರೆ. ಬೆಲೆಯ ನೂರಕ್ಕೆ 25 ಭಾಗವನ್ನು ಅವತ್ತೇ ಅಥವಾ ಅದರ ಮುಂದಿನ ಕೆಲಸದ ದಿನ, ಉಳಿದ 75 ಭಾಗವನ್ನು ಮಾರಾಟ ಖಚಿತವಾದ ಮೇಲೆ ಸಾಮಾನ್ಯವಾಗಿ 15 ದಿನದಲ್ಲಿ ಕಟ್ಟುತ್ತಾರೆ. ಕೋರ್ಟು ಅವರ ಹಿತವನ್ನೂ ನೋಡುತ್ತದೆ. ಅವರು ಗಡುವು ತಪ್ಪಿಸಿದರೆ ಕಟ್ಟಿದ ಹಣ ಮುಟ್ಟುಗೋಲಾಗಿ ಮರುಹರಾಜು ಆಗುತ್ತದೆ. ಅದರ ಮೇಲೊಂದು ಕಣ್ಣಿಡಿ, ಆಸೆ ಮಾತ್ರ ಇಡಬೇಡಿ.

ಪ್ರಶ್ನೆ: ಸಿವಿಲ್ ಕೋರ್ಟಿನಿಂದ ಸ್ಟೇ ತಂದುಕೊಡ್ತೀನಿ ಅಂತ ಒಬ್ಬರು 60 ಸಾವಿರ ಕೇಳ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಡಿಆರ್‌ಟಿ ನೋಡಬೇಕಾದ ವಿಷಯದಲ್ಲಿ ಸಿವಿಲ್ ಕೋರ್ಟು ಕೈಹಾಕುವ ಹಾಗಿಲ್ಲ ಅಂತ ಸೆಕ್ಷನ್ 34 ಹೇಳುತ್ತದೆ. ಅದು ಗೊತ್ತಿಲ್ಲದೆ ಕೇಳುವವರು ದಡ್ಡರು, ಗೊತ್ತಿದ್ದೂ ಕೇಳುವವರು ಕಳ್ಳರು. ಡಿಆರ್‌ಟಿಯಲ್ಲಿ ದಿನವೂ ನಿಲ್ಲುವ ವಕೀಲರನ್ನು ಹುಡುಕಿ.

ಪ್ರಶ್ನೆ: ನೋಟಿಸ್ ಬಂದಿದೆ. ಮನೆಯನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿಬಿಟ್ಟರೆ ಬ್ಯಾಂಕು ಮುಟ್ಟೋಕಾಗಲ್ಲ ಅಲ್ವಾ?

ಉತ್ತರ: ಮುಟ್ಟುತ್ತದೆ. ಅಡಮಾನ ಮನೆಯ ಜೊತೆಗೇ ಹೋಗುತ್ತದೆ.

ಪ್ರಶ್ನೆ: ಎರಡು ಕಂತು ಕಟ್ಟಿದ್ದೀನಿ. ಇನ್ನೂ ಎನ್‌ಪಿಎ, ಅಂದರೆ ಕಂತು ಬಾರದೆ ನಿಂತ ಸಾಲ ಅಂತಲೇ ತೋರಿಸ್ತಿದ್ದಾರೆ, ಇದು ಮೋಸ ಅಲ್ವಾ?

ಉತ್ತರ: ಅಲ್ಲ. ಬಾಕಿ ಬಿದ್ದ ಕಂತು, ಬಡ್ಡಿ ಎಲ್ಲ ತೀರುವ ತನಕ ಖಾತೆ ಎನ್‌ಪಿಎ ಆಗಿಯೇ ಇರಬೇಕು. ರಿಸರ್ವ್ ಬ್ಯಾಂಕ್ 2021ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಪ್ರಶ್ನೆ: ಒಂದೇ ಸಲಕ್ಕೆ ಕಡಿಮೆ ಹಣಕ್ಕೆ ಸೆಟಲ್‌ಮೆಂಟ್ ಮಾಡಿಕೊಡಿ ಅಂತ ಬ್ಯಾಂಕನ್ನು ಕೋರ್ಟಿಗೆ ಎಳೆಯಬಹುದಾ?

ಉತ್ತರ: ಕೇಳಿಕೊಳ್ಳಬಹುದು, ಎಳೆಯಲಾಗುವುದಿಲ್ಲ. ಒಟಿಎಸ್, ಅಂದರೆ ಈ ಒಂದೇ ಸಲದ ಸೆಟಲ್‌ಮೆಂಟ್, ಸಾಲಗಾರರ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಪ್ರಶ್ನೆ: ನಮ್ಮ ಮನೆ ಹರಾಜಿನಲ್ಲಿ 58 ಲಕ್ಷಕ್ಕೆ ಹೋಯಿತು. ಬಾಕಿ ಇದ್ದಿದ್ದು 40 ಲಕ್ಷ. ಮೂರು ತಿಂಗಳಾದರೂ ಬ್ಯಾಂಕು ಏನೂ ಹೇಳುತ್ತಿಲ್ಲ. ಉಳಿದ ಹಣ ಅವರಿಗೇನಾ?

ಉತ್ತರ: ನಿಮ್ಮದು. ಸೆಕ್ಷನ್ 13(7)ರ ಪ್ರಕಾರ ಮೊದಲು ಖರ್ಚು, ಆಮೇಲೆ ಬಾಕಿ, ಮಿಕ್ಕಿದ್ದು ಹಕ್ಕುಳ್ಳವರಿಗೆ. ಖರ್ಚಿನ ಒಂದೊಂದು ಬಾಬ್ತನ್ನೂ ಬಿಡಿಸಿ ತೋರಿಸುವ ಲೆಕ್ಕಪತ್ರ ಕೇಳಿ ಅಧಿಕೃತ ಅಧಿಕಾರಿಗೆ ಬರೆಯಿರಿ. ಹರಾಜಿನ ದಿನದ ನಂತರವೂ ಪೂರ್ತಿ 40 ಲಕ್ಷದ ಮೇಲೆ ಬಡ್ಡಿ ಹಾಕುತ್ತಾ ಹೋಗಿದ್ದಾರಾ ಅಂತ ಮುಖ್ಯವಾಗಿ ನೋಡಿ, ಇಂಥ ಲೆಕ್ಕ ಜಾಸ್ತಿ ತಪ್ಪುವುದೇ ಅಲ್ಲಿ. ಅದೇ ಮನೆಯ ಮೇಲೆ ಬೇರೆ ಸಾಲದ ಭಾರವೂ ಇದ್ದರೆ ಅವರ ಪಾಲು ಮೊದಲು ಹೋಗುತ್ತದೆ. ಉತ್ತರ ಬರದಿದ್ದರೆ ಆ ಪತ್ರದ ಪ್ರತಿಯೊಂದಿಗೆ ಡಿಆರ್‌ಟಿಗೆ ಹೋಗಿ.